ಪಾಕೆಟ್ ಇಲ್ಲದ ಕೇರಂ ಬೋರ್ಡ್

ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಆದ್ಮೇಲೆ ಕೇರಂ ಆಟ ಇದ್ದೇ ಇರುತ್ತೆ. ಬೋರ್ಡ್ ಮೇಲೆ ಹತ್ತೊಂಬತ್ತು ಪಾನ್, ಮೂಲೆಯಲ್ಲಿ ನಾಲ್ಕು ಪಾಕೆಟ್. ಆಟ ಮುಂದುವರಿದಷ್ಟೂ ಪಾನ್ ಕಡಿಮೆ ಆಗ್ತಾ ಹೋಗುತ್ತೆ. ಈಗ ಎರಡು ನಿಯಮ ಬದಲಾಯಿಸೋಣ. ಎರಡು ಪಾನ್ ಜೋರಾಗಿ ಡಿಕ್ಕಿ ಹೊಡೆದರೆ ಎರಡೂ ಒಡೆದು ನೂರಾರು ಚೂರಾಗಬೇಕು, ಆ ಚೂರುಗಳೂ ಓಡಾಡ್ತಾ ಇರಬೇಕು. ಮತ್ತೆ, ಪಾಕೆಟ್‌ಗಳನ್ನು ಮುಚ್ಚಿಬಿಡಬೇಕು. ಭೂಮಿಯಿಂದ ಸುಮಾರು 900 ಕಿಲೋಮೀಟರ್ ಎತ್ತರದ ಕಕ್ಷೆಗಳ ಸ್ಥಿತಿ ಹೆಚ್ಚುಕಡಿಮೆ ಇದೇ. ನಾಸಾದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೋರ್-ಪಲೈ 1978ರಲ್ಲೇ ಇದರ ಲೆಕ್ಕ ಹಾಕಿದ್ದರು. ಅದಕ್ಕೇ ಇದನ್ನು ಕೆಸ್ಲರ್ ಸಿಂಡ್ರೋಮ್ ಅಂತಾರೆ.

ಆ ಎತ್ತರದಲ್ಲಿ ನಮ್ಮದೇ ಒಂದು ವಸ್ತು ಇದೆ. ಬೆಂಗಳೂರಿನಲ್ಲಿ ತಯಾರಾದ ಐಆರ್‌ಎಸ್-1ಎ. 1988ರ ಮಾರ್ಚ್ 17ರಂದು ಬೈಕನೂರಿನಿಂದ ಸೋವಿಯತ್ ರಾಕೆಟ್‌ನಲ್ಲಿ ಹೋಯಿತು. ಆಗ ಅದರ ತೂಕ 975 ಕೆಜಿ, ಎತ್ತರ ಸುಮಾರು 904 ಕಿಮೀ. ನಮ್ಮ ದೇಶದ ಮೊದಲ ಪೂರ್ಣ ಪ್ರಮಾಣದ ದೂರಸಂವೇದಿ ಉಪಗ್ರಹ ಅದು. ಕೆಲಸ ನಿಲ್ಲಿಸಿ ಎಷ್ಟೋ ವರ್ಷ ಆಯ್ತು, ಆದರೆ ಕೆಳಗೆ ಬಂದಿಲ್ಲ. ನಾನು ಹುಟ್ಟೋ ಮೊದಲೇ ಸತ್ತುಹೋದ ಉಪಗ್ರಹ ಇವತ್ತೂ ನಮ್ಮ ತಲೆ ಮೇಲೆ ಸುತ್ತುತ್ತಿದೆ ಅಂತ ಗೊತ್ತಾದಾಗ ನಂಗೆ ಸ್ವಲ್ಪ ವಿಚಿತ್ರ ಅನ್ನಿಸ್ತು.

ಅದಕ್ಕೆ ಏನಾದರೂ ಬಡಿದರೆ? ಫಸ್ಟ್ ಇಯರ್ ಫಿಸಿಕ್ಸ್ ಸಾಕು. ಎರಡು ವಸ್ತುಗಳ ಕಕ್ಷೆಗಳು ಓರೆಯಾಗಿ ದಾಟುವಾಗ ಅವುಗಳ ನಡುವಿನ ವೇಗ ಸೆಕೆಂಡಿಗೆ 10 ಕಿಮೀ ಆಸುಪಾಸು ಇರಬಹುದು. ಒಂದು ಕೆಜಿ ತುಂಡು ಆ ವೇಗದಲ್ಲಿ ಬಂದರೆ ½mv² ಪ್ರಕಾರ 5 ಕೋಟಿ ಜೂಲ್, ಅಂದ್ರೆ ಸುಮಾರು 12 ಕೆಜಿ ಟಿಎನ್‌ಟಿಯಷ್ಟು ಶಕ್ತಿ. ಡಿಕ್ಕಿಯ ಶಕ್ತಿ, ಪೆಟ್ಟು ತಿನ್ನುವ ವಸ್ತುವಿನ ಪ್ರತಿ ಗ್ರಾಂಗೆ 40 ಜೂಲ್ ದಾಟಿದರೆ ಆ ವಸ್ತು ಪೂರ್ತಿ ಛಿದ್ರ ಆಗುತ್ತೆ ಅನ್ನೋದು ಈ ಕ್ಷೇತ್ರದವರು ಬಳಸುವ ಅಂದಾಜು. 975 ಕೆಜಿಗೆ ಲೆಕ್ಕ ಹಾಕಿದರೆ 3.9 ಕೋಟಿ ಜೂಲ್ ಬೇಕು. ಅಷ್ಟಕ್ಕೆ 780 ಗ್ರಾಂ ತುಂಡು ಸಾಕು. ಒಂದು ಲೀಟರ್ ಹಾಲಿನ ಪ್ಯಾಕೆಟ್‌ಗಿಂತ ಹಗುರ! ಅದಕ್ಕಿಂತ ತುಂಬಾ ಚಿಕ್ಕದಾದರೆ ತೂತು ಬೀಳುತ್ತೆ, ಭಾಗ ಕಿತ್ತುಹೋಗುತ್ತೆ. ಇದಾದರೆ ಇಡೀ ಉಪಗ್ರಹವೇ ಚೂರುಚೂರು. ಆ ಚೂರುಗಳಲ್ಲಿ ಎಷ್ಟೋ, ಇನ್ನೊಂದು ಉಪಗ್ರಹವನ್ನು ಒಡೆಯುವಷ್ಟು ದೊಡ್ಡವೇ ಆಗಿರುತ್ತವೆ. ಸರಪಳಿ ಶುರುವಾಗೋದು ಇಲ್ಲಿಂದ.

ಸರಪಳಿ ತಾನಾಗೇ ನಿಲ್ಲುತ್ತಾ, ಬೆಳೆಯುತ್ತಾ ಅನ್ನೋದು ಒಂದು ಸಮೀಕರಣದ ಪ್ರಶ್ನೆ. ಒಂದು ಎತ್ತರದ ಪಟ್ಟಿಯಲ್ಲಿ N ವಸ್ತುಗಳಿವೆ ಅಂದುಕೊಳ್ಳಿ. ಡಿಕ್ಕಿಗೆ ಇಬ್ಬರು ಬೇಕು, ಹಾಗಾಗಿ ಜೋಡಿಗಳನ್ನು ಎಣಿಸಬೇಕು. 100 ವಸ್ತುಗಳಿದ್ದರೆ 4,950 ಜೋಡಿ, 200 ಇದ್ದರೆ 19,900. ಸಂಖ್ಯೆ ಎರಡರಷ್ಟಾದರೆ ಡಿಕ್ಕಿಯ ಸಾಧ್ಯತೆ ನಾಲ್ಕರಷ್ಟು. ಆದರೆ ಗಾಳಿಯ ಘರ್ಷಣೆಯಿಂದ ಕೆಳಗೆ ಬೀಳುವ ವಸ್ತುಗಳು N ಎಷ್ಟಿದೆಯೋ ಅದೇ ಅನುಪಾತದಲ್ಲಿ ಮಾತ್ರ ಹೆಚ್ಚಾಗುತ್ತವೆ. ಹೊಸ ಉಡಾವಣೆಗಳನ್ನು L ಅಂದರೆ:

dN/dt = L + kN² − bN

ಉಡಾವಣೆ ಪೂರ್ತಿ ನಿಲ್ಲಿಸಿ L = 0 ಮಾಡಿ. ಲೆಕ್ಕಕ್ಕೋಸ್ಕರ, ನಿಜದ ಅಂಕಿ ಅಲ್ಲ, b = 0.01, k = 0.00001 ಅಂತ ಇಟ್ಟುಕೊಳ್ಳೋಣ. N 800 ಇದ್ದರೆ ವರ್ಷಕ್ಕೆ 6.4 ಹೊಸ ತುಂಡು ಹುಟ್ಟುತ್ತೆ, 8 ಬೀಳುತ್ತೆ. ಕಸ ಕಡಿಮೆ ಆಗ್ತಿದೆ. N 1,200 ಇದ್ದರೆ 14.4 ಹುಟ್ಟುತ್ತೆ, 12 ಬೀಳುತ್ತೆ. ಯಾರೂ ಏನೂ ಹಾರಿಸದಿದ್ದರೂ ಕಸ ಬೆಳೀತಾ ಇದೆ. ನಡುವಿನ ಗಡಿ b/k, ಇಲ್ಲಿ 1,000. ಗಡಿ ದಾಟಿದ ದಿನ ಆಕಾಶದಲ್ಲಿ ಏನೂ ವಿಶೇಷ ಕಾಣಿಸಲ್ಲ ಅನ್ನೋದೇ ಇದರ ಕಷ್ಟ.

ಈ b ಅನ್ನೋದೇ ನಮ್ಮ ಕೇರಂ ಪಾಕೆಟ್. ಎತ್ತರ ಹೋದ ಹಾಗೆ ಗಾಳಿ ಬೇಗ ಬೇಗ ತೆಳುವಾಗುತ್ತೆ, ಪಾಕೆಟ್ ಕಿರಿದಾಗುತ್ತೆ. ಇದನ್ನು ತೋರಿಸೋಕೆ ನಮ್ಮ ದೇಶದ ಉದಾಹರಣೆಗಳೇ ಸಾಕು.

2019ರ ಮಾರ್ಚ್ 27ರಂದು ಮಿಷನ್ ಶಕ್ತಿಯಲ್ಲಿ ಮೈಕ್ರೋಸ್ಯಾಟ್-ಆರ್ ಉಪಗ್ರಹವನ್ನು ಸುಮಾರು 283 ಕಿಮೀ ಎತ್ತರದಲ್ಲಿ ಕ್ಷಿಪಣಿಯಿಂದ ಒಡೆದರು. ಕೆಲವು ಚೂರುಗಳು 1,000 ಕಿಮೀಗಿಂತ ಮೇಲಕ್ಕೂ ಚಿಮ್ಮಿದವು. ಆದರೆ ಕಕ್ಷೆಯ ಒಂದು ಗುಣ ಇದೆ: ಒಡೆದ ಜಾಗಕ್ಕೆ ಪ್ರತಿ ಸುತ್ತಿನಲ್ಲೂ ವಾಪಸ್ ಬರಲೇಬೇಕು. ಅಂದ್ರೆ ಪ್ರತಿ ಚೂರೂ ಸುತ್ತಿಗೊಮ್ಮೆ 283 ಕಿಮೀಗೋ ಅದಕ್ಕಿಂತ ಕೆಳಗೋ ಇಳಿದು ಗಾಳಿಯಲ್ಲಿ ಉಜ್ಜಿಕೊಳ್ಳುತ್ತೆ. ಹೆಚ್ಚಿನವು ತಿಂಗಳುಗಳಲ್ಲೇ ಬಿದ್ದವು, ಮೇಲಕ್ಕೆ ಚಿಮ್ಮಿದ ಕೆಲವು ಮಾತ್ರ ವರ್ಷ ದಾಟಿದವು. ಅವು ಇದ್ದಷ್ಟು ದಿನ ಅಪಾಯವೇ, ಹಾಗಾಗಿ ಪರೀಕ್ಷೆ ಪೂರ್ತಿ ನಿರುಪದ್ರವಿ ಆಗಿತ್ತು ಅಂತ ನಾನು ಹೇಳಲ್ಲ.

ಇನ್ನೊಂದು ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. 2001ರ ಅಕ್ಟೋಬರ್‌ನಲ್ಲಿ ಪಿಎಸ್‌ಎಲ್‌ವಿ-ಸಿ3 ಮೂರು ಉಪಗ್ರಹಗಳನ್ನು ಸರಿಯಾಗಿ ಬಿಟ್ಟುಬಂತು. ಅದರ ನಾಲ್ಕನೇ ಹಂತ ಮಾತ್ರ, ಒಳಗೆ ಇಂಧನ ಉಳಿದಿದ್ದಾಗಲೇ, 500 ಕಿಮೀಗಿಂತ ಮೇಲೆ ಸುತ್ತುತ್ತಿತ್ತು. ಡಿಸೆಂಬರ್ 19ರಂದು ಅದು ತಾನಾಗೇ ಸಿಡಿದು, ರಾಡಾರ್‌ಗೆ ಸಿಕ್ಕುವಷ್ಟು ದೊಡ್ಡ ತುಂಡುಗಳೇ 300ಕ್ಕೂ ಹೆಚ್ಚಾದವು. ಇಪ್ಪತ್ತು ವರ್ಷ ಆದ್ಮೇಲೂ ಅವುಗಳಲ್ಲಿ ಹಲವು ಮೇಲೆಯೇ ಇದ್ದವು. ಆಮೇಲಿಂದ ಇಸ್ರೋ ಕೆಲಸ ಮುಗಿದ ಹಂತದಲ್ಲಿ ಉಳಿದ ಇಂಧನ, ಒತ್ತಡವನ್ನು ಹೊರಕ್ಕೆ ಬಿಟ್ಟು ಖಾಲಿ ಮಾಡೋದನ್ನು ರೂಢಿಗೆ ತಂದಿತು.

ಇನ್ನು 900 ಕಿಮೀ. ಅಲ್ಲಿ ಶತಮಾನಗಳ ಮಾತು. ಅಲ್ಲಿ ಆದ ಡಿಕ್ಕಿಯ ಚೂರುಗಳು ಅಲ್ಲೇ ಉಳಿಯೋದಷ್ಟೇ ಅಲ್ಲ, ವೇಗ ಕಳೆದುಕೊಂಡವು ಪ್ರತಿ ಸುತ್ತಿನಲ್ಲೂ ಕೆಳಗಿನ ಪಟ್ಟಿಗಳಿಗೆ ಇಳಿದು ಹತ್ತುತ್ತವೆ. ನಮ್ಮ ಭೂಪಟದ ಚಿತ್ರ ತೆಗೆಯುವ ಕಾರ್ಟೋಸ್ಯಾಟ್‌ಗಳು ಇರೋದು ಆ ಕೆಳಗಿನ ಪಟ್ಟಿಗಳಲ್ಲೇ.

ಸಿನಿಮಾದಲ್ಲಿ ತೋರಿಸಿದ ಹಾಗೆ ಒಂದೂವರೆ ಗಂಟೆಯಲ್ಲಿ ಎಲ್ಲಾ ಮುಗಿಯಲ್ಲ. 2006ರಲ್ಲಿ ನಾಸಾದ ಲಿಯೂ ಮತ್ತು ಜಾನ್ಸನ್ ಒಂದು ಸಿಮ್ಯುಲೇಶನ್ ಪ್ರಕಟಿಸಿದರು. 2004ರ ಕೊನೆಗೇ ಉಡಾವಣೆ ನಿಂತಿದ್ದರೂ ಸುಮಾರು 2055ರವರೆಗೆ ಕಸ ಹೆಚ್ಚುಕಡಿಮೆ ಅಷ್ಟೇ ಇರುತ್ತೆ, ಆಮೇಲೆ ಡಿಕ್ಕಿಗಳಿಂದ ಬೆಳೆಯುತ್ತೆ ಅನ್ನೋದು ಅದರ ಫಲಿತಾಂಶ. ಹೆಚ್ಚಿನ ಬೆಳವಣಿಗೆ 900ರಿಂದ 1,000 ಕಿಮೀ ನಡುವೆ. ಅಂದ್ರೆ ಐಆರ್‌ಎಸ್-1ಎ ಏರಿಯಾ. ಆ ಸಿಮ್ಯುಲೇಶನ್ ಬಂದ ಮೇಲೆ 2007ರಲ್ಲಿ ಚೀನಾ ತನ್ನ ಉಪಗ್ರಹವೊಂದನ್ನು ಸುಮಾರು 860 ಕಿಮೀಯಲ್ಲಿ ಒಡೆಯಿತು. 2009ರ ಫೆಬ್ರವರಿ 10ರಂದು ಇರಿಡಿಯಂ 33 ಮತ್ತು ಸತ್ತಿದ್ದ ಕಾಸ್ಮೋಸ್ 2251 ಸುಮಾರು 790 ಕಿಮೀಯಲ್ಲಿ ಡಿಕ್ಕಿ ಹೊಡೆದವು. ಆ ದಿನದ ಒಂದು ಮುನ್ಸೂಚನೆಯಲ್ಲಿ ಅವು 584 ಮೀಟರ್ ಅಂತರದಲ್ಲಿ ದಾಟುತ್ತವೆ ಅಂತಿತ್ತು. ಕಕ್ಷೆಯ ಅಂದಾಜಿನಲ್ಲಿ ಅಷ್ಟು ತಪ್ಪು ಸಹಜ.

'ಕಕ್ಷೆ ಉಪಯೋಗಕ್ಕೆ ಬರಲ್ಲ' ಅನ್ನೋದರ ಅರ್ಥವೂ ಇದರಲ್ಲೇ ಇದೆ. ಅಲ್ಲೇನೂ ಗೋಡೆ ಏಳಲ್ಲ, ಅದನ್ನು ದಾಟಿ ಚಂದ್ರನಿಗೆ ಹೋಗಬಹುದು. ಆದರೆ ಅಲ್ಲೇ ಹತ್ತು ವರ್ಷ ಇರಬೇಕಾದ ಉಪಗ್ರಹಕ್ಕೆ ಎಚ್ಚರಿಕೆ ಮೇಲೆ ಎಚ್ಚರಿಕೆ, ಪ್ರತಿ ಸಲ ಪಕ್ಕಕ್ಕೆ ಸರಿಯೋಕೆ ಇಂಧನ. ನೆಲದ ರಾಡಾರ್‌ಗಳು ಸಾಮಾನ್ಯವಾಗಿ ಹಿಂಬಾಲಿಸೋದು 10 ಸೆಂ.ಮೀ.ಗಿಂತ ದೊಡ್ಡದನ್ನು, ಒಂದೆರಡು ಸೆಂ.ಮೀ. ತುಂಡಿಗೆ ಎಚ್ಚರಿಕೆಯೂ ಸಿಗಲ್ಲ. ಒಂದು ಹಂತದಲ್ಲಿ ಆ ಎತ್ತರಕ್ಕೆ ದುಡ್ಡು ಹಾಕೋದೇ ದಂಡ ಆಗುತ್ತೆ.

ಇಂಧನ ಉಳಿದಿದ್ದರೆ ದಾರಿ ಇದೆ. 2007ರ ಜನವರಿ 10ರಂದು ಹಾರಿದ ಕಾರ್ಟೋಸ್ಯಾಟ್-2 ಸುಮಾರು 635 ಕಿಮೀಯಲ್ಲಿತ್ತು. ಬಿಟ್ಟಿದ್ದರೆ ತಾನಾಗೇ ಬೀಳೋಕೆ 30 ವರ್ಷ ಹಿಡೀತಿತ್ತು. ಇಸ್ರೋ ಉಳಿದ ಇಂಧನದಲ್ಲೇ ಅದರ ಕಕ್ಷೆಯ ಕೆಳತುದಿಯನ್ನು 380 ಕಿಮೀಗೆ ಇಳಿಸಿತು. ಮಿಕ್ಕಿದ್ದನ್ನು ಗಾಳಿಯೇ ನೋಡಿಕೊಂಡಿತು. 2024ರ ಫೆಬ್ರವರಿ 14ರಂದು ಅದು ಹಿಂದೂ ಮಹಾಸಾಗರದ ಮೇಲೆ ವಾತಾವರಣ ಹೊಕ್ಕಿತು.

ಐಆರ್‌ಎಸ್-1ಎಗೆ ಈಗ ಆಜ್ಞೆ ಕೊಡೋಕೆ ಆಗಲ್ಲ. ಅದನ್ನು ಇಳಿಸಬೇಕಾದರೆ ಇನ್ನೊಂದು ನೌಕೆ ಹೋಗಿ, ಹಿಡಿದು, ಕೆಳಕ್ಕೆ ಎಳೀಬೇಕು. ಅಂಥ ದೊಡ್ಡ, ಸತ್ತ ವಸ್ತುಗಳನ್ನು ವರ್ಷಕ್ಕೆ ಐದರಷ್ಟು ತೆಗೆದರೂ ಕಸದ ಬೆಳವಣಿಗೆ ಹಿಡಿತಕ್ಕೆ ಬರಬಹುದು ಅಂತ ಲಿಯೂ ಅವರ ಮುಂದಿನ ಲೆಕ್ಕಗಳು ಹೇಳುತ್ತವೆ. ಅಲ್ಲಿವರೆಗೂ ಅದು 103 ನಿಮಿಷಕ್ಕೊಂದು ಸುತ್ತು ಹಾಕ್ತಾನೇ ಇರುತ್ತೆ.