ದ್ವಿಆಯಾಮ ಅರೇ: ಸ್ಮೃತಿಯಲ್ಲಿನ ವಿನ್ಯಾಸ ಮತ್ತು ಕಾಲಂ ಸಂಖ್ಯೆಯ ಅವಶ್ಯಕತೆ

ಸಿ ಭಾಷೆಯಲ್ಲಿ `int a[3][4];` ಎಂದು ಘೋಷಿಸಿದೊಡನೆ ನಮ್ಮ ಕಣ್ಣಿಗೆ ಮೂರು ಸಾಲು, ನಾಲ್ಕು ಕಾಲಂಗಳ ಕೋಷ್ಟಕವೊಂದು ತೋರುವುದಾದರೂ, ಗಣಕದ ಸ್ಮೃತಿಯು ಸ್ವಭಾವತಃ ಏಕರೇಖೀಯವಾದುದರಿಂದ, ಮೊದಲ ಸಾಲಿನ ನಾಲ್ಕು ಅಂಶಗಳು ಮುಗಿದ ಬಳಿಕವೇ ಎರಡನೆಯ ಸಾಲಿನವು ಅವ್ಯವಹಿತವಾಗಿ ಬಂದು ನಿಲ್ಲುತ್ತವೆ. ಇದಕ್ಕೆ ಸಾಲು-ಪ್ರಧಾನ ಕ್ರಮವೆಂದು ಹೆಸರು. ಫೋರ್ಟ್ರಾನ್ ಭಾಷೆಯು ಇದಕ್ಕೆ ವಿರುದ್ಧವಾಗಿ ಕಾಲಂ-ಪ್ರಧಾನ ಕ್ರಮವನ್ನು ಅನುಸರಿಸುತ್ತದೆ.

ಅರೇಯ ಆರಂಭ ವಿಳಾಸ 2000 ಎಂದೂ, ಪ್ರತಿಯೊಂದು `int` 4 ಬೈಟ್‌ಗಳದೆಂದೂ ಭಾವಿಸೋಣ. ಆಗ `a[2][1]` ಎಂಬುದರ ವಿಳಾಸವು ಹೀಗೆ ಲಭಿಸುತ್ತದೆ:

```
2000 + (2*4 + 1)*4 = 2036
```

ಈ ಗಣನೆಯಲ್ಲಿ ಕಾಲಂ ಸಂಖ್ಯೆಯಾದ 4 ಬಂದಿತೇ ಹೊರತು ಸಾಲುಗಳ ಸಂಖ್ಯೆಯಾದ 3 ಎಲ್ಲಿಯೂ ಬರಲಿಲ್ಲವೆಂಬುದೇ ಈ ವಿಷಯದ ಮರ್ಮ. ಅರೇಯನ್ನು ಫಂಕ್ಷನ್ನಿಗೆ ಕಳುಹಿಸಿದಾಗ ಅದಕ್ಕೆ ತಲಪುವುದು ಇಡೀ ಕೋಷ್ಟಕವಲ್ಲ, ಮೊದಲ ಸಾಲಿನ ವಿಳಾಸಮಾತ್ರ. ಆದಕಾರಣ ಕಾಲಂ ಸಂಖ್ಯೆಯನ್ನು ನಿಯತಾಂಕದಲ್ಲಿಯೇ ಹೇಳಬೇಕಾಗುತ್ತದೆ, ಸಾಲುಗಳ ಸಂಖ್ಯೆಯನ್ನು ಪ್ರತ್ಯೇಕವಾಗಿ ಕಳುಹಿಸಬೇಕಾಗುತ್ತದೆ.

```c
int sum(int m[][4], int rows);
```

ಇಲ್ಲಿ `m` ಎಂಬುದು ವಸ್ತುತಃ `int (*m)[4]`, ಅರ್ಥಾತ್ ನಾಲ್ಕು ಅಂಶಗಳ ಸಾಲಿಗೆ ಪಾಯಿಂಟರ್. `m[][]` ಎಂದು ಬರೆದರೆ ಕಂಪೈಲರ್ ದೋಷವೆಂದು ತಿರಸ್ಕರಿಸುವುದು. ಅನೇಕ ವಿದ್ಯಾರ್ಥಿಗಳು ಸರಿಯೆಂದು ಗುರುತುಹಾಕುವ `int **m` ಕೂಡ ಸಲ್ಲದು, ಏಕೆಂದರೆ ಅದು ಪಾಯಿಂಟರ್‌ಗಳ ಸಾಲನ್ನು ಅಪೇಕ್ಷಿಸುತ್ತದೆ, ಈ ಅರೇಯಲ್ಲಿಯಾದರೋ ಪಾಯಿಂಟರ್‌ಗಳೇ ಇಲ್ಲ. ಕಂಪೈಲರಿನ ಎಚ್ಚರಿಕೆಯನ್ನು ಲಕ್ಷಿಸದೆ 4ರ ಸ್ಥಾನದಲ್ಲಿ 3 ಎಂದು ಬರೆದವನನ್ನು `m[2][1]` ವಿಳಾಸ 2028ಕ್ಕೆ ಒಯ್ದು, `a[1][3]`ರ ಮೌಲ್ಯವನ್ನು ಕೊಡುವುದು.