ಟ್ಯಾಂಕರ್ ಎಷ್ಟು ಸಲ ಬಂತು? ಸರಾಸರಿ ತೆಗೆಯುವ ಮೊದಲು ಮಾಡಬೇಕಾದ ಕೆಲಸ

ಸಮಾಜಕಾರ್ಯ ಓದುತ್ತಿರುವ ನಾಲ್ವರು ವಿದ್ಯಾರ್ಥಿಗಳು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮತ್ತು ಕೆಂಗೇರಿಯಲ್ಲಿ ತಲಾ 40 ಮನೆಗಳಿಗೆ ಹೋಗಿ ನೀರಿನ ಬಗ್ಗೆ ಪ್ರಶ್ನಾವಳಿ ತುಂಬಿಸಿಕೊಂಡು ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಎಷ್ಟು ಜನ, ನೀರು ಎಲ್ಲಿಂದ ಬರುತ್ತದೆ, ಕಳೆದ 30 ದಿನಗಳಲ್ಲಿ ಟ್ಯಾಂಕರ್ ಎಷ್ಟು ಲೋಡ್ ಹಾಕಿಸಿದಿರಿ, ಲೋಡಿಗೆ ಎಷ್ಟು ಕೊಟ್ಟಿರಿ ಎಂಬ ಪ್ರಶ್ನೆಗಳು. ಮೇಜಿನ ಮೇಲೆ 160 ಫಾರಂಗಳ ಕಟ್ಟು, ಎದುರಿಗೆ ಖಾಲಿ ಎಕ್ಸೆಲ್ ಹಾಳೆ. ಬಹಳ ಜನ ಇಲ್ಲಿಂದ ನೇರವಾಗಿ ಟೈಪ್ ಮಾಡಲು ಕೂರುತ್ತಾರೆ. ಬೇಡ. ಮೊದಲು ಎರಡು ಕೆಲಸಗಳಿವೆ.

ಒಂದನೆಯದು ಫಾರಂಗಳಿಗೆ ನಂಬರ್ ಹಾಕುವುದು. ಪ್ರತಿ ಫಾರಂನ ಮೇಲ್ತುದಿಯಲ್ಲಿ ಪೆನ್ನಿನಿಂದ R001, V001, B001, K001 ಎಂದು ಬರೆಯಿರಿ. ಮುಂದೆ ಅಕ್ಷರ ಇದ್ದರೆ ಒಳ್ಳೆಯದು, ಏಕೆಂದರೆ ಬರೀ 001 ಎಂದು ಹೊಡೆದರೆ ಎಕ್ಸೆಲ್ ಅದನ್ನು 1 ಮಾಡಿಬಿಡುತ್ತದೆ. ಪರದೆಯ ಮೇಲಿನ ಸಾಲಿನಿಂದ ಕೈಯಲ್ಲಿರುವ ಕಾಗದಕ್ಕೆ ಹೋಗುವ ದಾರಿ ಈ ನಂಬರ್ ಒಂದೇ. ಅದಿಲ್ಲದಿದ್ದರೆ ಮುಂದೆ ಕಾಣುವ ತಪ್ಪುಗಳನ್ನು ಊಹೆಯಿಂದ ಸರಿಪಡಿಸಬೇಕಾಗುತ್ತದೆ, ಊಹೆಯಿಂದ ಸರಿಪಡಿಸಿದ್ದು ದತ್ತಾಂಶ ಅಲ್ಲ.

ಎರಡನೆಯದು ಕೋಡ್‌ಬುಕ್. ಅದೇ ಫೈಲಿನಲ್ಲಿ ಇನ್ನೊಂದು ಶೀಟ್ ತೆರೆಯಿರಿ. ಪ್ರತಿ ಕಾಲಂಗೆ ಒಂದು ಸಾಲು: ಕಾಲಂನ ಚಿಕ್ಕ ಹೆಸರು, ಫಾರಂನಲ್ಲಿ ಪ್ರಶ್ನೆ ಹೇಗಿದೆಯೋ ಹಾಗೆಯೇ ಪೂರ್ತಿ ವಾಕ್ಯ, ಯಾವ ಸಂಖ್ಯೆಗೆ ಯಾವ ಅರ್ಥ, ಎಷ್ಟರಿಂದ ಎಷ್ಟರವರೆಗೆ ಬರಬಹುದು, ಮತ್ತು ಈ ಪ್ರಶ್ನೆ ಯಾರಿಗೆ ಅನ್ವಯಿಸುತ್ತದೆ. ಲೋಡಿನ ಪ್ರಶ್ನೆಗೆ ನಾನಾದರೆ ಹೀಗೆ ಬರೆಯುತ್ತೇನೆ: ಹೆಸರು tank_load, ಪ್ರಶ್ನೆ "ಕಳೆದ 30 ದಿನಗಳಲ್ಲಿ ಎಷ್ಟು ಲೋಡ್ ಟ್ಯಾಂಕರ್ ನೀರು ಹಾಕಿಸಿದಿರಿ?"; ಪೂರ್ಣ ಸಂಖ್ಯೆ, 0ಯಿಂದ 30; ಟ್ಯಾಂಕರ್ ಬಳಸುವ ಮನೆಗಳಿಗೆ ಮಾತ್ರ.

ಇಷ್ಟು ಬರೆಯುವಾಗಲೇ ಪ್ರಶ್ನಾವಳಿಯ ಹುಳುಕು ಹೊರಗೆ ಬರುತ್ತದೆ. ಲೋಡ್ ಎಂದರೆ ಎಷ್ಟು ಲೀಟರ್? 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತು. 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ, 8,000ಕ್ಕೆ 700, 12,000ಕ್ಕೆ 1,000. ಅಂದರೆ ಒಬ್ಬರ ಒಂದು ಲೋಡ್ ಇನ್ನೊಬ್ಬರ ಎರಡು ಲೋಡಿಗೆ ಸಮ ಇರಬಹುದು. ಹಾಗಾಗಿ ಟ್ಯಾಂಕರಿನ ಗಾತ್ರಕ್ಕೇ ಬೇರೆ ಕಾಲಂ ಬೇಕು. ಅದನ್ನು ಕೇಳದೇ ಬಂದಿದ್ದರೆ ಕೋಡ್‌ಬುಕ್‌ನಲ್ಲಿ ಹಾಗೆಂದೇ ಬರೆದಿಡಿ, ವರದಿಯಲ್ಲಿ "ಲೀಟರ್" ಎಂಬ ಮಾತು ಬರದಂತೆ ನೋಡಿಕೊಳ್ಳಿ.

ನೀರು ಎಲ್ಲಿಂದ ಎಂಬ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಉತ್ತರ ಇರುತ್ತದೆ. ಕಾವೇರಿ ನಲ್ಲಿ ಇದೆ, ಬೋರ್ ಇದೆ, ಕುಡಿಯಲು ಕ್ಯಾನ್. "ಕಾವೇರಿ, ಕ್ಯಾನ್" ಎಂದು ಒಂದೇ ಸೆಲ್‌ನಲ್ಲಿ ತುಂಬಿದರೆ ಮುಂದೆ ಎಣಿಸಲು ಬರುವುದಿಲ್ಲ. ಕಾವೇರಿ, ಬೋರ್, ಟ್ಯಾಂಕರ್, ಕ್ಯಾನ್ ನಾಲ್ಕಕ್ಕೂ ಒಂದೊಂದು ಕಾಲಂ ಕೊಟ್ಟು, ಇದ್ದರೆ 1, ಇಲ್ಲದಿದ್ದರೆ 0 ಹಾಕಿ.

ಈಗ ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ: ಉತ್ತರ ಇಲ್ಲದ ಸೆಲ್. ಉತ್ತರ ಇಲ್ಲದಿರುವುದಕ್ಕೆ ಹಲವು ಕಾರಣಗಳಿವೆ. ಮನೆಯವರು ಟ್ಯಾಂಕರ್ ಬಳಸುವುದೇ ಇಲ್ಲ, ಹಾಗಾಗಿ ಪ್ರಶ್ನೆ ಕೇಳಲಿಲ್ಲ. ಬಳಸುತ್ತಾರೆ, ಆದರೆ "ನಮ್ಮ ಯಜಮಾನ್ರಿಗೇ ಗೊತ್ತು ಕಣಮ್ಮ" ಎಂದರು. ಗೊತ್ತಿದೆ, ಹೇಳಲು ಇಷ್ಟವಿಲ್ಲ. ಅಥವಾ ಫಾರಂನಲ್ಲಿ ಉತ್ತರ ಇದೆ, ಟೈಪ್ ಮಾಡಿದವರು ಸಾಲು ಹಾರಿಸಿದರು. ನಾಲ್ಕನ್ನೂ ಖಾಲಿ ಬಿಟ್ಟರೆ ಆಮೇಲೆ ಬೇರ್ಪಡಿಸಲು ಸಾಧ್ಯವೇ ಇಲ್ಲ. ಅನ್ವಯಿಸದ್ದಕ್ಕೆ -97, ಗೊತ್ತಿಲ್ಲದ್ದಕ್ಕೆ -98, ಹೇಳಲಿಲ್ಲ ಎಂಬುದಕ್ಕೆ -99 ಇಡಿ. ಖಾಲಿ ಸೆಲ್‌ಗೆ "ಇನ್ನೂ ಎಂಟ್ರಿ ಆಗಿಲ್ಲ" ಎಂಬ ಒಂದೇ ಅರ್ಥ ಉಳಿಯಲಿ.

ಹಳೆಯ ಪುಸ್ತಕಗಳಲ್ಲಿ 99 ಎಂದೇ ಇರುತ್ತದೆ. ನಾನು ಮೈನಸ್ ಬಳಸಲು ಹೇಳುವುದಕ್ಕೆ ಕಾರಣವಿದೆ. ಐದು ಮನೆಗಳ ಲೋಡ್ 2, 1, 3, 2, ಮತ್ತು ಒಂದು ಗೊತ್ತಿಲ್ಲ. ಗೊತ್ತಿರುವ ನಾಲ್ಕು ಮನೆಗಳ ಸರಾಸರಿ 2. ಗೊತ್ತಿಲ್ಲ ಎಂಬುದಕ್ಕೆ 0 ಹೊಡೆದರೆ ಸರಾಸರಿ 1.6 ಆಗುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. 99 ಹೊಡೆದು ಮರೆತರೆ 21.4 ಬರುತ್ತದೆ. ಐದು ಮನೆಯಲ್ಲಿ ಇದು ಕಣ್ಣಿಗೆ ಬೀಳುತ್ತದೆ, ಆದರೆ 160 ಮನೆಗಳಲ್ಲಿ ಒಂದೆರಡು 99 ಇದ್ದರೆ ಸರಾಸರಿ ಸ್ವಲ್ಪವೇ ಏರಿ ನಿಜವೆನ್ನಿಸುವಂತೆ ಕೂರುತ್ತದೆ. ಮನೆಯ ಖರ್ಚಿನ ಕಾಲಂನಲ್ಲಂತೂ 99 ನಿಜವಾದ ಮೊತ್ತವೇ ಇರಬಹುದು. ಲೋಡಾಗಲಿ ರೂಪಾಯಿಯಾಗಲಿ ಮೈನಸ್ ಆಗಲಾರದು, ಆದ್ದರಿಂದ ಗೊಂದಲ ಇಲ್ಲ. ಸರಾಸರಿ ತೆಗೆಯುವಾಗ ಸೂತ್ರವನ್ನೂ ಅದಕ್ಕೆ ತಕ್ಕಂತೆ ಬರೆಯಿರಿ:

```
=AVERAGEIF(H2:H161,">=0")
```

ಇದು ಟ್ಯಾಂಕರ್ ಹಾಕಿಸುವ ಮನೆಗಳ ಸರಾಸರಿ ಮಾತ್ರ ಎಂಬುದು ನೆನಪಿರಲಿ. ಎಲ್ಲ ಮನೆಗಳ ಸರಾಸರಿ ಬೇಕಿದ್ದರೆ -97 ಇರುವ ಮನೆಗಳನ್ನು 0 ಎಂದು ಎಣಿಸಬೇಕು. ಆ ಬದಲಾವಣೆಯನ್ನು ಹೊಸ ಕಾಲಂನಲ್ಲಿ ಮಾಡಿ, ಮೂಲ ಕಾಲಂ ಮುಟ್ಟಬೇಡಿ.

ಎಂಟ್ರಿ ಶುರುವಾಗುವ ಮೊದಲು Data Validation ಹಾಕಿ, ಕೋಡ್‌ಬುಕ್‌ನ ಮಿತಿಯ ಹೊರಗಿನ ಸಂಖ್ಯೆಯನ್ನು ಹಾಳೆ ತಾನೇ ತಡೆಯುತ್ತದೆ. ಮೈನಸ್ ಕೋಡ್‌ಗಳಿಗೂ ಅದರಲ್ಲಿ ಅವಕಾಶ ಕೊಡಲು ಮರೆಯಬೇಡಿ. ಆದರೆ ಬೇರೆ ಕಡೆಯಿಂದ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಈ ಕಾವಲು ಕೆಲಸ ಮಾಡುವುದಿಲ್ಲ. ಅದಕ್ಕೇ ಎಂಟ್ರಿ ಮುಗಿದ ಮೇಲೆ Circle Invalid Data ಒಮ್ಮೆ ಒತ್ತಿ ನೋಡಬೇಕು.

ಎಂಟ್ರಿ ಮುಗಿಯಿತು. ಫೈಲನ್ನು "ಮೂಲ" ಎಂಬ ಹೆಸರಿನಲ್ಲಿ ಉಳಿಸಿ, ಒಂದು ಪ್ರತಿಯನ್ನು ಬೇರೆ ಜಾಗದಲ್ಲಿಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿದ್ದು ಬರೆದುಕೊಂಡ ಟಿಪ್ಪಣಿಗಳನ್ನು ವರ್ಷಗಟ್ಟಲೆ ಸಂಸ್ಕರಿಸಿದ್ದರು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆ ಸಂಸ್ಕರಿಸಿದ ಟಿಪ್ಪಣಿಗಳು ಸಿಕ್ಕವು. ಮೂರು ಪ್ರತಿಗಳಿದ್ದವು, ಮೂರೂ ಒಂದೇ ಕಡೆ ಇದ್ದವು. ಸಮೀಕ್ಷೆಯ ಡೇಟಾ ಇಟ್ಟುಕೊಂಡವರೆಲ್ಲ ಈ ಪ್ರಸಂಗ ತಿಳಿದಿರಬೇಕು.

ತೊಳೆಯುವ ಕೆಲಸ ಇನ್ನೊಂದು ಪ್ರತಿಯ ಮೇಲೆ ಮಾತ್ರ. ಮೊದಲಿಗೆ COUNTBLANK ಬಳಸಿ ಖಾಲಿ ಸೆಲ್‌ಗಳನ್ನು ಹುಡುಕಿ ಫಾರಂ ತೆಗೆದು ತುಂಬಿಸಿ. ಇದನ್ನು ಮೊದಲೇ ಮಾಡಬೇಕು, ಏಕೆಂದರೆ ಎಕ್ಸೆಲ್ ಹೋಲಿಕೆಯಲ್ಲಿ ಖಾಲಿಯನ್ನು 0 ಎಂದೇ ತಿಳಿಯುತ್ತದೆ. ಆಮೇಲೆ ಒಂದೊಂದೇ ಕಾಲಂಗೆ ಫಿಲ್ಟರ್ ಹಾಕಿ, ಅದರಲ್ಲಿರುವ ಬೇರೆ ಬೇರೆ ಮೌಲ್ಯಗಳ ಪಟ್ಟಿಯನ್ನು ಓದಿ.

ಜನರ ಸಂಖ್ಯೆಯ ಕಾಲಂಗೆ Data Validation ಹಾಕಲು ಮರೆತಿದ್ದು, ಅಲ್ಲಿ 03-Apr ಎಂದು ಕಂಡರೆ ಗಾಬರಿಯಾಗಬೇಡಿ. "ಮೂರ್ನಾಲ್ಕು ಜನ" ಎಂದು ಹೇಳಿದ್ದನ್ನು ಯಾರೋ 3-4 ಎಂದು ಹೊಡೆದಿದ್ದಾರೆ, ಎಕ್ಸೆಲ್ ಅದನ್ನು ತಾರೀಖು ಎಂದುಕೊಂಡಿದೆ. ಫಾರ್ಮ್ಯಾಟನ್ನು Text ಮಾಡಿದರೂ 3-4 ವಾಪಸ್ ಬರುವುದಿಲ್ಲ. 2025ರಲ್ಲಿ ಟೈಪ್ ಮಾಡಿದ್ದರೆ 45750 ಎಂಬ ಸಂಖ್ಯೆ ಬರುತ್ತದೆ. ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಅದೇ 3-4 ಮಾರ್ಚ್ 4 ಆಗುತ್ತದೆ. ದಾರಿ ಒಂದೇ, ಫಾರಂ ನೋಡುವುದು.

ಅದೇ ಕಾಲಂನಲ್ಲಿ ವಿಜಯನಗರದ ಒಂದು ಸಾಲಿನಲ್ಲಿ 44 ಇದೆ ಎನ್ನಿ. 4 ಎರಡು ಸಲ ಒತ್ತಿದಂತೆ ಕಾಣುತ್ತದೆ, 4 ಮಾಡಿಬಿಡಲು ಕೈ ತುರಿಸುತ್ತದೆ. ಆದರೆ ವಿಜಯನಗರ, ಅತ್ತಿಗುಪ್ಪೆ ಕಡೆ ಕೋಚಿಂಗ್‌ಗೆ ಬಂದ ಹುಡುಗರ ಪಿ.ಜಿ.ಗಳು ಸಾಲುಸಾಲು ಇವೆ. ಫಾರಂ ತೆಗೆದರೆ ಅದು ಪಿ.ಜಿ.ಯೇ ಆಗಿರಬಹುದು. ಆಗ ಮೌಲ್ಯ ಸರಿ, ಕೋಡ್‌ಬುಕ್ ಅಪೂರ್ಣ. ಮನೆ 1, ಪಿ.ಜಿ. 2 ಎಂಬ ಹೊಸ ಕಾಲಂ ಸೇರಿಸಿ ಎಲ್ಲ ಫಾರಂಗಳನ್ನೂ ಮತ್ತೊಮ್ಮೆ ನೋಡಬೇಕು.

ಬಡಾವಣೆಯ ಹೆಸರುಗಳನ್ನು ಕೋಡ್ ಹಾಕದೆ ಅಕ್ಷರಗಳಲ್ಲೇ ಹೊಡೆದಿದ್ದರೆ ಪಟ್ಟಿ ಉದ್ದವಾಗಿರುತ್ತದೆ. ಆರ್.ಪಿ.ಸಿ. ಲೇಔಟ್ ಮತ್ತು ಹಂಪಿನಗರ ಒಂದೇ. ಕೆಂಗೇರಿ ಉಪನಗರ ಮತ್ತು ಸ್ಯಾಟಲೈಟ್ ಟೌನ್ ಒಂದೇ, ಆದರೆ ಹಳೆಯ ಕೆಂಗೇರಿ ಊರು ಬೇರೆ. ಇವನ್ನು ಕೂಡಿಸುವುದೋ ಬಿಡುವುದೋ ಎಂಬ ತೀರ್ಮಾನ ಕೋಡ್‌ಬುಕ್‌ನಲ್ಲಿ ದಾಖಲಾಗಲಿ. ಪಿನ್‌ಕೋಡ್ ಕೇಳಿದ್ದರೆ ಅನುಕೂಲ: ರಾಜಾಜಿನಗರ 560010, ವಿಜಯನಗರ 560040, ಬಸವೇಶ್ವರನಗರ 560079, ಕೆಂಗೇರಿ 560060. V ಎಂದು ಶುರುವಾಗುವ ಫಾರಂನಲ್ಲಿ 560060 ಇದ್ದರೆ ಅಲ್ಲೇನೋ ಎಡವಟ್ಟಾಗಿದೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ತೊಡಕು ಇದೆ, ಇಂಗ್ಲಿಷ್ ಪುಸ್ತಕಗಳು ಇದನ್ನು ಹೇಳುವುದಿಲ್ಲ. ನೀರಿನ ಮೂಲವನ್ನೂ ಅಕ್ಷರಗಳಲ್ಲೇ ಹೊಡೆದಿದ್ದರೆ ಫಿಲ್ಟರ್ ಪಟ್ಟಿಯಲ್ಲಿ "ಟ್ಯಾಂಕರ್" ಎರಡು ಸಲ ಕಾಣಬಹುದು, ಎರಡೂ ಒಂದೇ ರೀತಿ. ಯಾರೋ "ಟ್ಯಾಂಕರ್‌ನಿಂದ" ಎಂದು ಹೊಡೆದು ಆಮೇಲೆ "ನಿಂದ" ಅಳಿಸಿದ್ದಾರೆ, ಒತ್ತಕ್ಷರ ಆಗದಂತೆ ತಡೆಯುವ ಕಾಣದ ಅಕ್ಷರವೊಂದು ಕೊನೆಯಲ್ಲಿ ಉಳಿದಿದೆ. LEN ಹಾಕಿ ನೋಡಿ: ಒಂದಕ್ಕೆ 8, ಇನ್ನೊಂದಕ್ಕೆ 9. TRIM ಇದನ್ನು ತೆಗೆಯುವುದಿಲ್ಲ. ಇದು ತೆಗೆಯುತ್ತದೆ:

```
=SUBSTITUTE(B2,UNICHAR(8204),"")
```

ಸಾಲಿನೊಳಗಿನ ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದು ಮುಂದಿನ ಪರೀಕ್ಷೆ. ಟ್ಯಾಂಕರ್ ಇಲ್ಲ (F ಕಾಲಂ 0) ಎಂದವರಿಗೆ ಲೋಡ್ (H ಕಾಲಂ) -97 ಇರಲೇಬೇಕು, ಟ್ಯಾಂಕರ್ ಇದೆ ಎಂದವರಿಗೆ -97 ಇರಬಾರದು:

```
=IF((F2=0)<>(H2=-97),"ನೋಡಿ","")
```

ದರದ ಕಾಲಂನಲ್ಲಿ 60 ಅಥವಾ 7000 ಕಂಡರೂ ಹೀಗೆಯೇ ಗುರುತು ಹಾಕಿ. ಒಂದು ಸೊನ್ನೆ ಬಿಟ್ಟುಹೋಗಿರಬಹುದು, ಇಲ್ಲವೇ ಲೋಡಿನ ದರದ ಬದಲು ತಿಂಗಳ ಖರ್ಚು ಬರೆದಿರಬಹುದು. ಹುಡುಕುವ ಅನುಕೂಲಕ್ಕೆ Sort ಮಾಡುವಾಗ ಒಂದೇ ಕಾಲಂ ಆಯ್ದು ಮಾಡಬೇಡಿ. ಆ ಕಾಲಂ ಮಾತ್ರ ಸರಿದು ಒಬ್ಬರ ಉತ್ತರ ಇನ್ನೊಬ್ಬರ ಸಾಲಿಗೆ ಸೇರಬಹುದು, ನೋಡಿದರೆ ಗೊತ್ತಾಗುವುದೂ ಇಲ್ಲ. Ctrl+T ಒತ್ತಿ ಹಾಳೆಯನ್ನು ಟೇಬಲ್ ಮಾಡಿಕೊಂಡರೆ ಸಾಲುಗಳು ಒಟ್ಟಿಗೇ ಸರಿಯುತ್ತವೆ.

ಮಾಡಿದ ಪ್ರತಿ ತಿದ್ದುಪಡಿಯೂ ಮೂರನೆಯ ಶೀಟ್‌ನಲ್ಲಿ ದಾಖಲಾಗಬೇಕು: ಫಾರಂ ನಂಬರ್, ಕಾಲಂ, ಹಳೆಯದು, ಹೊಸದು, ಕಾರಣ, ತಾರೀಖು, ತಿದ್ದಿದವರು. "K023, rate, 60, 600, ಫಾರಂನಲ್ಲಿ 600 ಇದೆ" ಎಂಬಷ್ಟು ಸಾಕು. ಫಾರಂನಲ್ಲೂ 60 ಎಂದೇ ಇದ್ದರೆ ಆ ಮನೆಗೆ ಮತ್ತೊಮ್ಮೆ ಹೋಗಿ ಕೇಳಬೇಕು. ಕೇಳಲು ಆಗದಿದ್ದರೆ -96 ಎಂಬ ಹೊಸ ಕೋಡ್ ಇಟ್ಟು, "ಉತ್ತರ ಇದೆ, ನಂಬಲಾಗದು" ಎಂದು ಕೋಡ್‌ಬುಕ್‌ನಲ್ಲಿ ಅರ್ಥ ಬರೆಯಿರಿ. 600 ಎಂದು ನೀವೇ ತಿದ್ದುವಂತಿಲ್ಲ.

ಕಣ್ಣಿಗೆ ಸಹಜವಾಗಿ ಕಾಣುವ ತಪ್ಪನ್ನು ಈ ಯಾವ ಪರೀಕ್ಷೆಯೂ ಹಿಡಿಯುವುದಿಲ್ಲ. 2 ಇದ್ದ ಕಡೆ 3 ಹೊಡೆದಿದ್ದರೆ ಅದು ಮಿತಿಯೊಳಗೇ ಇರುತ್ತದೆ. ಅದಕ್ಕಾಗಿ ಕಟ್ಟಿನಿಂದ ಹತ್ತಕ್ಕೊಂದರಂತೆ 16 ಫಾರಂ ಎತ್ತಿ, ಮೊದಲು ಎಂಟ್ರಿ ಮಾಡದವರ ಕೈಯಲ್ಲಿ ಮತ್ತೆ ಟೈಪ್ ಮಾಡಿಸಿ, EXACT ಬಳಸಿ ಎರಡನ್ನೂ ಹೋಲಿಸಿ. ಹತ್ತು ಕಾಲಂ ಇದ್ದರೆ 160 ಸೆಲ್. ಒಂದೆರಡು ವ್ಯತ್ಯಾಸ ಬಂದರೆ ಅವನ್ನು ತಿದ್ದಿ ಮುಂದೆ ಹೋಗಬಹುದು. ಎಂಟು ಹತ್ತು ಬಂದರೆ, ಅದರಲ್ಲೂ ಒಬ್ಬರೇ ಮಾಡಿದ ಎಂಟ್ರಿಯಲ್ಲಿ ಬಂದರೆ, ಅವರ 40 ಫಾರಂಗಳನ್ನೂ ಮೊದಲಿನಿಂದ ಟೈಪ್ ಮಾಡಿಸಿ.