ಮಾರ್ಚ್ 23ರಿಂದಲೇ ಯಾಕ ಶುರು?

ಬಮ್ಮಿಗಟ್ಟಿಯಂಥ ಊರಲ್ಲಿ ಕೈಗೆ ದುಡ್ಡು ಬರುವ ತಿಂಗಳನ್ನು ನಾವು ಆರಿಸಿಕೊಳ್ಳುವುದಿಲ್ಲ. ಗೋವಿನಜೋಳ ಒಣಗಿ, ಚೀಲ ತುಂಬಿ, ತೂಕವಾಗಿ, ವ್ಯಾಪಾರಿಯ ಲೆಕ್ಕ ಚುಕ್ತಾ ಆಗುವ ಹೊತ್ತಿಗೆ ದೀಪಾವಳಿ ಕಳೆದಿರುತ್ತದೆ. ಹತ್ತಿ ಹಾಕಿದವರಿಗೆ ಸಂಕ್ರಾಂತಿಯೂ ಬರಬಹುದು. ಮ್ಯೂಚುವಲ್ ಫಂಡಿನ ಏಜೆಂಟರಿಗೂ ಈ ಪಂಚಾಂಗ ಚೆನ್ನಾಗಿ ಗೊತ್ತು.

2021ರ ಬೇಸಿಗೆಯಲ್ಲಿ ಪರಿಚಯದ ಹುಡುಗನೊಬ್ಬ ಮೊಬೈಲು ಮುಂದೆ ಹಿಡಿದು, "ಕಾಕಾ, ಈ ಗೆರಿ ನೋಡ್ರಿ, ಒಂದ ವರ್ಷದಾಗ ಹೆಚ್ಚೂಕಡಿಮಿ ಡಬಲ್ ಆಗೇತಿ" ಅಂದ. ಗೆರೆಯಲ್ಲಿ ಸುಳ್ಳೇನೂ ಇರಲಿಲ್ಲ. ಸೆನ್ಸೆಕ್ಸ್ 2020ರ ಮಾರ್ಚ್ 23ರಂದು 25,981ಕ್ಕೆ ನಿಂತಿತ್ತು, 2021ರ ಮಾರ್ಚ್ 31ರಂದು 49,509. ನೂರಕ್ಕೆ ತೊಂಬತ್ತರಷ್ಟು ಏರಿಕೆ. ನಾನು ಕೇಳಿದ್ದು ಇಷ್ಟೇ: "ತಮ್ಮಾ, ಮಾರ್ಚ್ 23ರಿಂದನ ಯಾಕ ಶುರು ಮಾಡೀ?"

ಆ ದಿನ ಯಾವುದೆಂದು ನೆನಪಿದ್ದವರಿಗೆ ಉತ್ತರ ಹೊಳೆಯುತ್ತದೆ. ದೇಶಕ್ಕೆಲ್ಲ ಲಾಕ್‌ಡೌನ್ ಘೋಷಿಸಿದ್ದು ಮಾರ್ಚ್ 24ರ ರಾತ್ರಿ. ಅದರ ಹಿಂದಿನ ದಿನ ಸೆನ್ಸೆಕ್ಸ್ ಒಂದೇ ದಿನದಲ್ಲಿ ನೂರಕ್ಕೆ ಹದಿಮೂರರಷ್ಟು ಕುಸಿದಿತ್ತು. ಆ ಸಲದ ಕುಸಿತದ ತಳವೇ ಅದು. ಅವತ್ತು ಲಕ್ಷ ರೂಪಾಯಿ ಹಾಕುವ ಧೈರ್ಯ ಯಾರಿಗಿತ್ತು? ಹಾಕೋಣವೆಂದರೂ ಮಾರ್ಚಿನಲ್ಲಿ ನಮ್ಮ ಬಹಳ ಮಂದಿಯ ಕೈಯಲ್ಲಿ ಅಷ್ಟು ದುಡ್ಡು ಉಳಿದಿರುವುದಿಲ್ಲ.

ಗೆರೆಯ ತುದಿಯನ್ನು ಅಲ್ಲಿಯೇ ಬಿಟ್ಟು, ಬುಡವನ್ನಷ್ಟೇ ಹಿಂದಕ್ಕೆ ಸರಿಸಿ ನೋಡಿ. 2020ರ ಜನವರಿ 14ರಂದು, ಅಂದರೆ ಸಂಕ್ರಾಂತಿಯ ಹೊತ್ತಿಗೆ, ಸೆನ್ಸೆಕ್ಸ್ 41,952ರಲ್ಲಿತ್ತು. ಫಸಲಿನ ದುಡ್ಡಲ್ಲಿ ಆವತ್ತು ಲಕ್ಷ ರೂಪಾಯಿ ಹಾಕಿದವನದು ಮಾರ್ಚ್ 23ಕ್ಕೆ 62 ಸಾವಿರವಾಯಿತು, 2021ರ ಮಾರ್ಚ್ ಕೊನೆಗೆ 1 ಲಕ್ಷ 18 ಸಾವಿರ. ಹುಡುಗ ತೋರಿಸಿದ ತೊಂಬತ್ತು ಇಲ್ಲಿ ಹದಿನೆಂಟು. 62 ಸಾವಿರ ಮತ್ತೆ ಲಕ್ಷವಾಗಬೇಕಾದರೆ ನೂರಕ್ಕೆ 61ರಷ್ಟು ಏರಬೇಕು. ಅಂದರೆ ಆ ಏರಿಕೆಯಲ್ಲಿ ಬಹುಪಾಲು ಹೋದದ್ದು ಗುಂಡಿ ತುಂಬಿಸುವುದಕ್ಕೆ. ಗುಂಡಿಯನ್ನು ಚಿತ್ರದಿಂದ ಕತ್ತರಿಸಿದರೆ ತುಂಬಿಸಿದ ಮಣ್ಣೂ ಗುಡ್ಡದಂತೆ ಕಾಣುತ್ತದೆ.

ಇಂಥದ್ದನ್ನು ತಡೆಯಲೆಂದೇ ಫಂಡಿನ ಜಾಹೀರಾತಿನಲ್ಲಿ ಒಂದು, ಮೂರು, ಐದು ವರ್ಷದ ಗಳಿಕೆ ತೋರಿಸಬೇಕೆಂದು ಸೆಬಿಯ ನಿಯಮವಿದೆ. ಒಳ್ಳೆಯದೇ, ಆದರೆ ಅದು ಪೂರ್ತಿ ಕಾಯುವುದಿಲ್ಲ. ಸೆನ್ಸೆಕ್ಸಿನ ಐದು ವರ್ಷವನ್ನೇ ತೆಗೆದುಕೊಳ್ಳಿ. 2015ರ ಮಾರ್ಚ್ ಕೊನೆಯಲ್ಲಿ 27,957, 2020ರ ಮಾರ್ಚ್ ಕೊನೆಯಲ್ಲಿ 29,468. ವರ್ಷಕ್ಕೆ ನೂರಕ್ಕೆ ಒಂದು ರೂಪಾಯಿ, ಉಳಿತಾಯ ಖಾತೆಗಿಂತ ಕಡೆ. ಇಡೀ ಕಿಟಕಿಯನ್ನು ಒಂದೇ ವರ್ಷ ಮುಂದಕ್ಕೆ ಸರಿಸಿದರೆ 25,342ರಿಂದ 49,509, ವರ್ಷಕ್ಕೆ ಹದಿನಾಲ್ಕಕ್ಕಿಂತ ಹೆಚ್ಚು. (ಡಿವಿಡೆಂಡ್ ಎಲ್ಲಿಯೂ ಸೇರಿಸಿಲ್ಲ.) ನಡುವಿನ ನಾಲ್ಕು ವರ್ಷ ಎರಡರಲ್ಲೂ ಅವೇ. ಬದಲಾದದ್ದು ಎರಡು ತುದಿ ಮಾತ್ರ, ಮತ್ತು ಎರಡೂ ಜಾಹೀರಾತು ನಿಯಮದ ಪ್ರಕಾರ ಸರಿ.

ಬಂಗಾರ ಮಾರುವವರೂ ಇದನ್ನೇ ಮಾಡುತ್ತಾರೆ, ಬಂಗಾರ ಬೇಡವೆನ್ನುವವರೂ ಇದನ್ನೇ. ಹತ್ತು ಗ್ರಾಂ 2012ರಲ್ಲಿ ಸುಮಾರು 31 ಸಾವಿರವಿತ್ತು, 2015ರಲ್ಲಿ 26 ಸಾವಿರಕ್ಕೆ ಇಳಿದು 2018ರಲ್ಲಿ ಮತ್ತೆ 31 ಸಾವಿರದ ಆಸುಪಾಸು. 2012ರಿಂದ ಎಣಿಸಿದರೆ ಆರು ವರ್ಷ ಏನೂ ಬೆಳೆಯದ ಲೋಹ, 2015ರಿಂದ ಎಣಿಸಿದರೆ ಬೇಷಾಗಿ ಬೆಳೆದ ಲೋಹ. ಏರಿಕೆ ಮಾರಬೇಕಾದರೆ ತಗ್ಗಿನಿಂದ, ಹೆದರಿಸಬೇಕಾದರೆ ದಿಬ್ಬದಿಂದ ಶುರು.

ಹಾಗಾಗಿ ಯಾರಾದರೂ ಗೆರೆ ತೋರಿಸಿದರೆ ಅದರ ಎಡತುದಿಯ ತಾರೀಖನ್ನು ಮೊದಲು ಓದುತ್ತೇನೆ. ಆಮೇಲೆ ಅದನ್ನು ಆರು ತಿಂಗಳು ಹಿಂದೆ, ಆರು ತಿಂಗಳು ಮುಂದೆ ಸರಿಸಿ ತೋರಿಸಿ ಎನ್ನುತ್ತೇನೆ. ಕಥೆ ಅಷ್ಟಕ್ಕೇ ಬದಲಾದರೆ ಅದು ತಾರೀಖಿನ ಕಥೆ, ಫಂಡಿನದಲ್ಲ. ಇನ್ನೂ ಒಳ್ಳೆಯದು ರೋಲಿಂಗ್ ರಿಟರ್ನ್: ಪ್ರತಿ ತಿಂಗಳಿಂದ ಶುರುಮಾಡಿ ಎಲ್ಲ ಐದೈದು ವರ್ಷಗಳ ಲೆಕ್ಕ. ಅದರಲ್ಲಿ ನಾನು ನೋಡುವುದು ಅತಿ ಕೆಟ್ಟ ಐದು ವರ್ಷವನ್ನು. ಅದಕ್ಕಿಂತ ಕೆಟ್ಟದ್ದು ಮುಂದೆ ಬರುವುದಿಲ್ಲ ಎಂಬ ಭರವಸೆಯೇನೂ ಅದರಲ್ಲಿಲ್ಲ, ಅದು ಬೇರೆ ಮಾತು.

ರೈತನಿಗೆ ಇನ್ನೊಂದು ಪೇಚು: ಬಲತುದಿಯೂ ಅವನ ಕೈಯಲ್ಲಿಲ್ಲ. ಮುಂಗಾರು ಬಿತ್ತನೆಯ ಬೀಜ, ಗೊಬ್ಬರಕ್ಕೆ ಜೂನಿನಲ್ಲಿ ದುಡ್ಡು ಬೇಕೇ ಬೇಕು. 2020ರ ಜೂನ್ 30ಕ್ಕೆ ಸೆನ್ಸೆಕ್ಸ್ 34,916ಕ್ಕಷ್ಟೇ ಚೇತರಿಸಿಕೊಂಡಿತ್ತು. ಸಂಕ್ರಾಂತಿಗೆ ಹಾಕಿ ಬಿತ್ತನೆಗೆಂದು ತೆಗೆದವನ ಲಕ್ಷ 83 ಸಾವಿರವಾಗಿತ್ತು. ಆ ಹುಡುಗನ ಗೆರೆಯಲ್ಲಿ ಜೂನ್ ತಿಂಗಳೂ ಏರಿಕೆಯ ಮೆಟ್ಟಿಲೇ.